ಉಪ್ಪಿನ ಹರಳು ತೂಗಿ ಷಾಟ್ಕಿ ದೋಷ ಹುಡುಕಿದಾಗ

ಕಲಬುರಗಿಯ ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನನಗೆ ಘನಸ್ಥಿತಿಯ ಅಧ್ಯಾಯದ ಒಂದು ಹಳೆಯ ಲೆಕ್ಕ ಬಹಳ ದಿನ ಕಾಡಿತ್ತು. ಎಕ್ಸ್-ಕಿರಣದ ಅಳತೆಯಿಂದ ಸೋಡಿಯಂ ಕ್ಲೋರೈಡಿನ ಸಾಂದ್ರತೆ 2.178, ತೂಗಿದಾಗ ಸಿಕ್ಕಿದ್ದು 2.165. ಹಾಗಾದರೆ ಹರಳಿನಲ್ಲಿ ಅಯಾನುಗಳು ಇರಬೇಕಾದ ಎಷ್ಟು ಸ್ಥಾನಗಳು ಖಾಲಿ? ಭಾಗಿಸಿದರೆ ಸುಮಾರು 0.006, ಅಂದರೆ ಸಾವಿರಕ್ಕೆ ಆರು. ಮಕ್ಕಳು ಇದನ್ನು ಕಣ್ಣುಮುಚ್ಚಿ ಮಾಡುತ್ತಾರೆ. ಗಣಿತದಲ್ಲಿ ತಪ್ಪಿಲ್ಲ. ಆದರೆ ನಿಜವಾದ ಉಪ್ಪು ಹಾಗಿರುವುದಿಲ್ಲ.

ಷಾಟ್ಕಿ ದೋಷದಲ್ಲಿ ಒಂದು ಧನ ಅಯಾನು, ಒಂದು ಋಣ ಅಯಾನು ಎರಡೂ ತಮ್ಮ ಜಾಗ ಬಿಟ್ಟಿರುತ್ತವೆ. ಗಾತ್ರ ಕುಗ್ಗದೆ ತೂಕ ಇಳಿಯುವುದರಿಂದ ಸಾಂದ್ರತೆ ಕಡಿಮೆಯಾಗುತ್ತದೆ. ಇದು ಸರಿ. ಆದರೆ ಕೋಣೆಯ ಉಷ್ಣತೆಯಲ್ಲಿ ಉಪ್ಪಿನ ಒಂದು ಘನ ಸೆಂಟಿಮೀಟರಿನಲ್ಲಿರುವ ಇಂಥ ಜೋಡಿಗಳು ಸುಮಾರು ಹತ್ತು ಲಕ್ಷ, ಅಯಾನುಗಳು ಸುಮಾರು 10²². ಹತ್ತು ಸಾವಿರ ಲಕ್ಷಕೋಟಿ ಅಯಾನುಗಳಿಗೆ ಒಂದು ದೋಷ. ಯಾವ ತಕ್ಕಡಿಯೂ ಇದನ್ನು ಹಿಡಿಯಲಾರದು. ಅದನ್ನು ಹೇಳಿ ಬಿಡುವ ಬದಲು ಪ್ರಯೋಗಾಲಯದಲ್ಲಿ ತೋರಿಸಬೇಕೆನಿಸಿತು.

ಉಪ್ಪು ನೀರಿನಲ್ಲಿ ಕರಗುವುದರಿಂದ ಸೀಮೆಎಣ್ಣೆಯಲ್ಲಿ ತೂಗಿದೆವು. 25 ಮಿಲಿಲೀಟರಿನ ಸಾಂದ್ರತೆ ಬಾಟಲಿ, ಒಣಗಿಸಿದ ಶುದ್ಧ ಉಪ್ಪು ಹತ್ತು ಗ್ರಾಂ. ಹರಳಿನ ಏಕಕ ಕೋಶದ ಅಂಚು 5.64 ಆಂಗ್‌ಸ್ಟ್ರಾಮ್ ಎಂದು ಹಿಡಿದರೆ ಸಾಂದ್ರತೆ 2.164 ಬರಬೇಕು. ದಪ್ಪ ಹರಳನ್ನು ಹಾಗೆಯೇ ಹಾಕಿದ ತಂಡಕ್ಕೆ ಬಂದದ್ದು ಅದಕ್ಕಿಂತ ಕಡಿಮೆ. ‘ನೋಡಿ ಸರ್, ಷಾಟ್ಕಿ ದೋಷ’ ಎಂದು ಹುಡುಗಿಯೊಬ್ಬಳು ಖುಷಿಯಿಂದ ಹೇಳಿದಳು. ಅದೇ ಹರಳನ್ನು ಪುಡಿಮಾಡಿ, ಸೀಮೆಎಣ್ಣೆಯಲ್ಲಿ ಅಲುಗಾಡಿಸಿ, ಗುಳ್ಳೆಗಳು ಬರುವುದು ನಿಲ್ಲುವ ತನಕ ಕಾದು ಮತ್ತೆ ತೂಗಲು ಹೇಳಿದೆ. ಅಂಕಿ ಮೇಲೇರಿತು. ಜಾಲಕದಲ್ಲಿನ ಖಾಲಿ ಸ್ಥಾನವಾಗಿದ್ದರೆ ಒರಳಿನಲ್ಲಿ ಕುಟ್ಟಿದ ಮಾತ್ರಕ್ಕೆ ಮಾಯವಾಗುತ್ತಿರಲಿಲ್ಲ. ಹರಳು ಬೆಳೆಯುವಾಗ ಒಳಗೆ ಸಿಕ್ಕಿಕೊಂಡ ದ್ರಾವಣ, ಮೇಲ್ಮೈಗೆ ಅಂಟಿದ ಗಾಳಿ, ಇಷ್ಟೇ.

ನಮ್ಮ ಊರಿನ ಬೇಸಿಗೆ ಇನ್ನೊಂದು ಸಂಗತಿ ಕಲಿಸಿತು. ಸೀಮೆಎಣ್ಣೆ ಒಂದು ಡಿಗ್ರಿಗೆ ಸುಮಾರು ಸಾವಿರದಲ್ಲೊಂದು ಭಾಗ ಹಿಗ್ಗುತ್ತದೆ. ಎಣ್ಣೆ ತುಂಬಿದ ಬಾಟಲಿಯನ್ನು ಬೆಳಿಗ್ಗೆ ತೂಗಿ, ಉಪ್ಪು ಹಾಕಿದ ಬಾಟಲಿಯನ್ನು ಮಧ್ಯಾಹ್ನ ಐದು ಡಿಗ್ರಿ ಹೆಚ್ಚಿನ ಶಾಖದಲ್ಲಿ ತೂಗಿದರೆ, ಲೆಕ್ಕದಲ್ಲಿ ಉಪ್ಪಿನ ಸಾಂದ್ರತೆ 2.12ರ ಆಸುಪಾಸಿಗೆ ಇಳಿಯುತ್ತದೆ. ಎರಡು ದೊಡ್ಡ ತೂಕಗಳ ವ್ಯತ್ಯಾಸದಿಂದ ಚಿಕ್ಕ ಗಾತ್ರ ತೆಗೆಯುವುದರಿಂದ ಸಣ್ಣ ತಪ್ಪೂ ಹಿಗ್ಗುತ್ತದೆ. ಇದು ಪುಸ್ತಕದ ಲೆಕ್ಕದ ‘ದೋಷ’ಕ್ಕಿಂತ ಮೂರು ಪಟ್ಟು ದೊಡ್ಡದು. ಆದ್ದರಿಂದ ಎರಡೂ ತೂಕಗಳನ್ನು ಒಂದೇ ನೀರಿನ ತೊಟ್ಟಿಯಲ್ಲಿ ಬಾಟಲಿ ನಿಲ್ಲಿಸಿ, ಒಂದೇ ಉಷ್ಣತೆಗೆ ತಂದು ತೆಗೆಯುತ್ತೇವೆ.

ಹಾಗಾದರೆ ಸಾಂದ್ರತೆಯಿಂದ ಖಾಲಿ ಸ್ಥಾನ ಕಾಣುವುದೇ ಇಲ್ಲವೇ? ಕಾಣುತ್ತದೆ, ಬೇಕೆಂದೇ ಅವನ್ನು ಹುಟ್ಟಿಸಿದಾಗ. ಪೊಟ್ಯಾಸಿಯಂ ಕ್ಲೋರೈಡಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ ಹರಳು ಇದಕ್ಕೆ ಹೇಳಿ ಮಾಡಿಸಿದ್ದು. ಕ್ಯಾಲ್ಸಿಯಂ ತೂಕ 40, ಪೊಟ್ಯಾಸಿಯಂ ತೂಕ 39. ಎರಡು ಧನಾವೇಶದ ಒಂದು ಕ್ಯಾಲ್ಸಿಯಂ ಬಂದರೆ ಎರಡು ಪೊಟ್ಯಾಸಿಯಂ ಹೋಗಬೇಕು, ಒಂದು ಜಾಗ ಬರಿದಾಗಬೇಕು. ನೂರು ಜಾಗಗಳಲ್ಲಿ ಒಂದು ಕ್ಯಾಲ್ಸಿಯಂ ಎಂದುಕೊಂಡರೆ ತೂಕ 7455ರಿಂದ 7417ಕ್ಕೆ ಇಳಿಯುತ್ತದೆ, ಅರ್ಧ ಶೇಕಡಾ. ಯಾವ ಜಾಗವೂ ಬರಿದಾಗದೆ ಹೆಚ್ಚುವರಿ ಕ್ಲೋರೈಡ್ ನಡುವೆ ತೂರಿಕೊಂಡರೆ ಅಷ್ಟೇ ಪ್ರಮಾಣದಲ್ಲಿ ಏರಬೇಕಿತ್ತು. ಅಳೆದವರಿಗೆ ಸಿಕ್ಕಿದ್ದು ಇಳಿಕೆ. ಈ ಹರಳು ಬೆಳೆಸಲು ಕರಗಿದ ಲವಣ ಬೇಕು, ಉಷ್ಣತೆ 770 ಡಿಗ್ರಿ ಸೆಲ್ಸಿಯಸ್ ದಾಟಬೇಕು. ನಮ್ಮಲ್ಲಿ ಅದಾಗದು, ಲೆಕ್ಕವನ್ನು ಮಾತ್ರ ಮಾಡಿಸುತ್ತೇನೆ.

ಫ್ರೆಂಕೆಲ್ ದೋಷದಲ್ಲಿ ತೂಗುವ ಮಾತೇ ಇಲ್ಲ. ಸಿಲ್ವರ್ ಕ್ಲೋರೈಡಿನಲ್ಲಿ ಚಿಕ್ಕ ಬೆಳ್ಳಿ ಅಯಾನು ತನ್ನ ಜಾಗ ಬಿಟ್ಟು ಪಕ್ಕದ ಸಂದಿಗೆ ಸೇರುತ್ತದೆ, ಹರಳಿನಿಂದ ಹೊರಹೋಗುವುದಿಲ್ಲ. ಅದನ್ನು ಗುರುತಿಸಿಕೊಡುವುದು ವಿದ್ಯುತ್ ವಾಹಕತೆ. 1937ರಲ್ಲಿ ಕಾಖ್ ಮತ್ತು ವ್ಯಾಗ್ನರ್ ಮಾಡಿದ ಕೆಲಸವನ್ನು ನಾನು ತರಗತಿಯಲ್ಲಿ ವಿವರವಾಗಿ ಹೇಳುತ್ತೇನೆ. ಸಿಲ್ವರ್ ಕ್ಲೋರೈಡಿಗೆ ತುಸು ಕ್ಯಾಡ್ಮಿಯಂ ಕ್ಲೋರೈಡ್ ಸೇರಿಸಿದಾಗ ವಾಹಕತೆ ಏರುವ ಬದಲು ಮೊದಲು ಇಳಿಯಿತು. ಕ್ಯಾಲ್ಸಿಯಂನಂತೆ ಎರಡು ಧನಾವೇಶದ ಕ್ಯಾಡ್ಮಿಯಂ ಬರಿದು ಜಾಗಗಳನ್ನು ಹೆಚ್ಚಿಸುತ್ತದೆ. ಬರಿದು ಜಾಗಗಳ ಪ್ರಮಾಣ ಮತ್ತು ಸಂದಿಯ ಬೆಳ್ಳಿಯ ಪ್ರಮಾಣ, ಇವೆರಡರ ಗುಣಲಬ್ಧ ಒಂದು ಉಷ್ಣತೆಯಲ್ಲಿ ಸ್ಥಿರ. ಹಾಗಾಗಿ ಒಂದು ಹೆಚ್ಚಿದರೆ ಇನ್ನೊಂದು ಕಡಿಮೆಯಾಗಲೇಬೇಕು. ವೇಗವಾಗಿ ಓಡುವುದು ಸಂದಿಯ ಬೆಳ್ಳಿಯೇ ಆದ್ದರಿಂದ ಅದರ ಸಂಖ್ಯೆ ಇಳಿದಾಗ ವಾಹಕತೆ ಕುಸಿಯುತ್ತದೆ. ಕ್ಯಾಡ್ಮಿಯಂ ಇನ್ನಷ್ಟು ಹೆಚ್ಚಿದ ಮೇಲೆ ಬರಿದು ಜಾಗಗಳೇ ವಿಪರೀತವಾಗಿ, ಅವುಗಳ ಮೂಲಕವೇ ವಾಹಕತೆ ಮತ್ತೆ ಏರತೊಡಗುತ್ತದೆ. ಸೋಡಿಯಂ ಕ್ಲೋರೈಡಿಗೆ ಅದೇ ಕ್ಯಾಡ್ಮಿಯಂ ಸೇರಿಸಿದರೆ ಈ ತಗ್ಗು ಬರುವುದಿಲ್ಲ. ಅಲ್ಲಿ ಸೋಡಿಯಮ್ಮಿನ ಬರಿದು ಜಾಗಗಳೇ ಮುಖ್ಯ ವಾಹಕಗಳು, ಅವು ಹೆಚ್ಚಿದಷ್ಟೂ ವಾಹಕತೆ ಮೊದಲಿನಿಂದಲೇ ಏರುತ್ತದೆ.