ಖರ್ಚು ಕಡಿಮೆಯಾಗಿದೆ, ಹಾಗಾದರೆ ಕೆಲಸ ಎಷ್ಟಾಗಿದೆ?

ನಲವತ್ತು ಶಾಖೆಗಳಿರುವ ಒಂದು ಸಹಕಾರಿ ಬ್ಯಾಂಕ್ ಹೊಸ ಸಾಫ್ಟ್‌ವೇರ್ ಅಳವಡಿಸುತ್ತಿದೆ ಎಂದುಕೊಳ್ಳಿ. ಶಾಖೆಗೆ 2 ಲಕ್ಷದಂತೆ ಒಟ್ಟು 80 ಲಕ್ಷ ರೂಪಾಯಿ. ತಿಂಗಳಿಗೆ ನಾಲ್ಕು ಶಾಖೆಯಂತೆ ಹತ್ತು ತಿಂಗಳು. ಐದನೇ ತಿಂಗಳ ಕೊನೆಗೆ ಲೆಕ್ಕಪತ್ರದಲ್ಲಿ 37 ಲಕ್ಷ ಖರ್ಚು ಕಾಣುತ್ತದೆ. ಆ ಹೊತ್ತಿಗೆ ಆಗಬೇಕಿದ್ದದ್ದು 40 ಲಕ್ಷ. ಆಡಳಿತ ಮಂಡಳಿಗೆ ಇದು 3 ಲಕ್ಷದ ಉಳಿತಾಯವಾಗಿ ತೋರುತ್ತದೆ. ನಿಜಸ್ಥಿತಿ ತಿಳಿಯಬೇಕಾದರೆ ಮುಗಿದ ಕೆಲಸಕ್ಕೂ ಬೆಲೆ ಕಟ್ಟಬೇಕು. ಅದೇ ಗಳಿಸಿದ ಮೌಲ್ಯ.

ಮೊದಲು 'ಮುಗಿದಿದೆ' ಎಂಬ ಮಾತಿಗೆ ಅಳತೆ ಗೊತ್ತುಮಾಡಿ, ಅದೂ ಕೆಲಸ ಶುರುವಾಗುವ ಮುನ್ನ. ಇಡೀ ಲೆಕ್ಕ ನಿಲ್ಲುವುದು ಇದರ ಮೇಲೆಯೇ. ಪ್ರತಿ ಶಾಖೆಯ 2 ಲಕ್ಷದಲ್ಲಿ ಅಳವಡಿಕೆಗೆ ಶೇ 20, ಹಳೆಯ ದತ್ತಾಂಶದ ವರ್ಗಾವಣೆಗೆ ಶೇ 30, ಸಿಬ್ಬಂದಿ ತರಬೇತಿಗೆ ಶೇ 20, ಹೊಸ ವ್ಯವಸ್ಥೆಯಲ್ಲೇ ಒಂದು ತಿಂಗಳ ಲೆಕ್ಕ ಮುಗಿಸಿದ್ದಕ್ಕೆ ಶೇ 30. ಹಂತ ಪೂರ್ತಿಯಾದರಷ್ಟೇ ಅಂಕ. ಮುಕ್ಕಾಲು ಆಗಿದೆ ಎಂಬ ಅಂದಾಜಿಗೆ ಏನೂ ಇಲ್ಲ.

ಹದಿನಾಲ್ಕು ಶಾಖೆಗಳು ಎಲ್ಲ ಹಂತ ದಾಟಿವೆ: 28 ಲಕ್ಷ. ಇನ್ನು ನಾಲ್ಕರಲ್ಲಿ ಮೊದಲ ಎರಡು ಹಂತ ಮಾತ್ರ ಮುಗಿದಿವೆ: 4 ಲಕ್ಷ. ಗಳಿಸಿದ ಮೌಲ್ಯ 32 ಲಕ್ಷ. ಅಳತೆ ಇಲ್ಲದಿದ್ದರೆ 'ಹದಿನೆಂಟು ಶಾಖೆ ಆಯಿತು' ಎಂದು 36 ಲಕ್ಷ ಬರೆದುಬಿಡುತ್ತಿದ್ದರು.

ಮುಂದೆ ಖರ್ಚನ್ನು ಸರಿಪಡಿಸಿ. ತರಬೇತಿ ಕೊಟ್ಟವರ 3 ಲಕ್ಷದ ಬಿಲ್ ಇನ್ನೂ ಪಾವತಿಯಾಗಿಲ್ಲ. ಕೆಲಸ ಆಗಿದೆಯಾದ್ದರಿಂದ ಅದೂ ಸೇರಬೇಕು. ವಾಸ್ತವ ವೆಚ್ಚ 40 ಲಕ್ಷ; ಉಳಿತಾಯ ಅಲ್ಲಿಗೆ ಕರಗಿತು.

```
CPI = EV / AC = 32 / 40 = 0.8
SPI = EV / PV = 32 / 40 = 0.8
```

ಇಲ್ಲಿ EV ಗಳಿಸಿದ ಮೌಲ್ಯ, AC ವಾಸ್ತವ ವೆಚ್ಚ, PV ಯೋಜಿತ ಮೌಲ್ಯ. ವೆಚ್ಚ ಸೂಚ್ಯಂಕ CPI 0.8 ಎಂದರೆ ಖರ್ಚಾದ ಪ್ರತಿ ರೂಪಾಯಿಗೆ 80 ಪೈಸೆಯ ಕೆಲಸ ದಕ್ಕಿದೆ. ಇದೇ ದರದಲ್ಲಿ ಮುಂದುವರಿದರೆ ಒಟ್ಟು ವೆಚ್ಚ 80ನ್ನು 0.8ರಿಂದ ಭಾಗಿಸಿದಷ್ಟು, ಅಂದರೆ ಒಂದು ಕೋಟಿ. ವರದಿಯ ಮೊದಲ ಸಾಲಿನಲ್ಲಿ ಇರಬೇಕಾದದ್ದು ಈ ಅಂಕಿ ಎಂಬುದು ನನ್ನ ದೃಢ ಅಭಿಪ್ರಾಯ. ಉಳಿದ ಶಾಖೆಗಳು ದೊಡ್ಡವಾಗಿದ್ದರೆ ಅದು ಇನ್ನೂ ಏರಬಹುದು, ಅದನ್ನೂ ಬರೆಯಿರಿ.

ವೇಳಾಪಟ್ಟಿ ಸೂಚ್ಯಂಕ SPIಯಲ್ಲಿ ಒಂದು ದೋಷವಿದೆ. ಕೆಲಸ ಎರಡು ತಿಂಗಳು ತಡವಾಗಿ ಮುಗಿದರೂ ಕೊನೆಯಲ್ಲಿ 80ಕ್ಕೆ 80 ಆಗಿ ಅದು 1ಕ್ಕೇ ಬಂದು ನಿಲ್ಲುತ್ತದೆ. ಆದ್ದರಿಂದ ವಿಳಂಬವನ್ನು ತಿಂಗಳಲ್ಲೂ ಹೇಳಿ: 32 ಲಕ್ಷದ ಕೆಲಸ ಯೋಜನೆಯ ಪ್ರಕಾರ ನಾಲ್ಕನೇ ತಿಂಗಳ ಕೊನೆಗೇ ಆಗಬೇಕಿತ್ತು, ಈಗ ಐದು ತಿಂಗಳಾಗಿದೆ, ನಾವು ಒಂದು ತಿಂಗಳು ಹಿಂದಿದ್ದೇವೆ.