17 ವರ್ಷ ಸೇನೆ, ಆಮೇಲೆ ಬ್ಯಾಂಕು: ಕೊನೆಯ ಮೂರು ವರ್ಷ ನಾನು ಹಾಕಿದ ಲೆಕ್ಕ

17 ವರ್ಷದ ಮೇಲೆ ಸೇನೆಯಲ್ಲಿ ಇನ್ನೂ ಎರಡು ವರ್ಷ ಇರುವ ಎಕ್ಸ್‌ಟೆನ್ಷನ್ ಬೇಡ ಅಂತ ನಾನು ಬರೆದುಕೊಟ್ಟಾಗ ನಮ್ಮ ಸೇನಾ ಕಂಪನಿಯಲ್ಲಿ ಯಾರಿಗೂ ಅದು ಸರಿ ಅನ್ನಿಸಲಿಲ್ಲ. "ಊರಿಗೆ ಹೋಗಿ ಏನ್ಮಾಡ್ತೀಯಾ? ಬೆಂಗಳೂರಲ್ಲಿ ಸೆಕ್ಯುರಿಟಿ ಗಾರ್ಡ್ ಆಗ್ತೀಯಾ ಅಷ್ಟೇ" ಅಂತ ಸುಬೇದಾರ್ ಸಾಹೇಬರೇ ಹೇಳಿದರು. ಮಧುಗಿರಿಯಲ್ಲಿ ಮಾವನೂ ಅದನ್ನೇ ಹೇಳಿದರು. ಈಗ ತುಮಕೂರಿನಲ್ಲಿ ಸರ್ಕಾರಿ ಬ್ಯಾಂಕಿನ ಕೌಂಟರ್‌ನಲ್ಲಿ ಕೂತಿದ್ದೇನೆ. ಪಿಂಚಣಿ ಬೇರೆ, ಸಂಬಳ ಬೇರೆ. ಹೇಗಾಯ್ತು ಅಂತ ಕೇಳುವವರು ಜಾಸ್ತಿಯಾದ್ದರಿಂದ ಬರೆಯುತ್ತಿದ್ದೇನೆ.

2005ರಲ್ಲಿ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ಸೇರಿದಾಗ ನನಗೆ ಹತ್ತೊಂಬತ್ತು. 17 ವರ್ಷ ಮುಗಿದಾಗ ಮೂವತ್ತಾರು. ಈ ವಯಸ್ಸೇ ಎಲ್ಲರನ್ನೂ ಹೆದರಿಸುವುದು. ಬ್ಯಾಂಕ್ ಕ್ಲರ್ಕ್‌ಗೆ ಮಿತಿ 28, ನನಗೆಲ್ಲಿ ಸಿಗುತ್ತೆ ಅಂತ ಅರ್ಧ ಜನ ಅರ್ಜಿಯನ್ನೇ ಹಾಕಲ್ಲ. ಆದರೆ ಮಾಜಿ ಸೈನಿಕರಿಗೆ ಆ 28ಕ್ಕೆ ಸೇವೆಯ ವರ್ಷ ಸೇರಿಸಿ, ಮೇಲೆ ಇನ್ನೂ ಮೂರು ಕೂಡಿಸುತ್ತಾರೆ. 28, 17, 3 ಸೇರಿದರೆ 48. ಒಟ್ಟು 50 ದಾಟಬಾರದು, ಅಷ್ಟೇ. ಅಂದರೆ ನನಗೆ ಹನ್ನೆರಡು ವರ್ಷ ಕೈಯಲ್ಲಿತ್ತು. ಎಕ್ಸ್‌ಟೆನ್ಷನ್ ತಗೊಂಡು ಹತ್ತೊಂಬತ್ತು ಮಾಡಿದ್ದರೂ ಅರ್ಹತೆ ಹೋಗುತ್ತಿರಲಿಲ್ಲ. ಬೇಡ ಅಂದಿದ್ದಕ್ಕೆ ಕಾರಣ ಬೇರೆ: ಬ್ಯಾಂಕಿನಲ್ಲಿ ಅರವತ್ತರವರೆಗೆ ಸರ್ವಿಸ್. ಎರಡು ವರ್ಷ ಮೊದಲು ಸೇರಿದರೆ ಎರಡು ಇಂಕ್ರಿಮೆಂಟ್ ಜಾಸ್ತಿ. ಮಗಳು ಹೈಸ್ಕೂಲಿಗೆ ಬರುವ ಹೊತ್ತಿಗೆ ಮನೆಯಲ್ಲೂ ಇರಬಹುದು.

ತಯಾರಿ ಶುರುವಾಗಿದ್ದು ಡಿಗ್ರಿಯಿಂದ. ಹತ್ತನೇ ಕ್ಲಾಸ್ ಆಗಿ ಹದಿನೈದು ವರ್ಷ ಸೇವೆ ಮಾಡಿ, ಸೇನೆಯ ಶಿಕ್ಷಣ ಸರ್ಟಿಫಿಕೇಟ್ ಇದ್ದರೆ ಕ್ಲರ್ಕ್ ಪರೀಕ್ಷೆಗೆ ಸಾಕು, ನಿಜ. ಆದರೆ ಅದು ಕ್ಲರ್ಕ್ ಮಟ್ಟದ ಕೆಲಸಗಳಿಗೇ ನಿಲ್ಲುತ್ತೆ, ಆಫೀಸರ್ ಹುದ್ದೆಗೆ ನಡೆಯಲ್ಲ. ಅದಕ್ಕೇ ಸೇವೆಯಲ್ಲಿದ್ದಾಗಲೇ ಇಗ್ನೋದಲ್ಲಿ ಬಿ.ಎ.ಗೆ ಸೇರಿದೆ. ಮೂರು ವರ್ಷದ ಕೋರ್ಸು, ಪೋಸ್ಟಿಂಗ್‌ನಿಂದ ಪೋಸ್ಟಿಂಗ್‌ಗೆ ಎಳೆದು ಐದು ವರ್ಷ ಆಯಿತು. ಅಸೈನ್‌ಮೆಂಟ್‌ಗಳನ್ನು ಬಂಕರ್‌ನಲ್ಲಿ ಹೆಡ್‌ಟಾರ್ಚ್ ಕಟ್ಟಿಕೊಂಡು ಬರೆದಿದ್ದೇನೆ. ಚಳಿಗೆ ಪೆನ್ನಿನ ಇಂಕು ಬರ್ತಿರಲಿಲ್ಲ, ಬಂಕರ್ ಬಿಸಿ ಮಾಡುವ ಒಲೆ ಬುಖಾರಿ ಹತ್ತಿರ ಹಿಡಿದು ಬಿಸಿ ಮಾಡಿಕೊಂಡೇ ಒಂದು ಪುಟ ಮುಗಿಸಬೇಕು.

ಎರಡನೆಯದು ಕೊನೆಯ ವರ್ಷ. ಇದು ಬಹಳ ಜನರಿಗೆ ಗೊತ್ತಿಲ್ಲ. ಸಮವಸ್ತ್ರದಲ್ಲಿ ಇರುವಾಗಲೇ ಮಾಜಿ ಸೈನಿಕರ ಕೋಟಾದಲ್ಲಿ ಅರ್ಜಿ ಹಾಕಬಹುದು, ಆದರೆ ಅರ್ಜಿಯ ಕೊನೆಯ ದಿನದಿಂದ ಒಂದು ವರ್ಷದೊಳಗೆ ಬಿಡುಗಡೆ ಇರಬೇಕು. ನನ್ನ ಬ್ಯಾಚ್‌ಮೇಟ್ ಒಬ್ಬನ ಬಿಡುಗಡೆ ಆ ಗಡಿಯಿಂದ ಕೆಲವೇ ದಿನ ಆಚೆ ಬಿತ್ತು. ಪರೀಕ್ಷೆ ಪಾಸಾಗಿದ್ದ, ದಾಖಲೆ ಪರಿಶೀಲನೆಯಲ್ಲಿ ತೆಗೆದುಹಾಕಿದರು. ಬಿಡುಗಡೆ ದಿನಾಂಕ ಬರೆದ ಸರ್ಟಿಫಿಕೇಟನ್ನು ಕಮಾಂಡಿಂಗ್ ಆಫೀಸರ್ ಸಹಿಯೊಂದಿಗೆ ಮೊದಲೇ ತಗೊಳ್ಳಿ. ಅದು ಕೈಗೆ ಬರುವುದಕ್ಕೇ ವಾರಗಳು ಬೇಕು.

ಆ ವರ್ಷವೇ ಸೈನಿಕರ ಪುನರ್ವಸತಿ ನಿರ್ದೇಶನಾಲಯದ ಕೋರ್ಸ್ ಕೂಡ ಸಿಗುತ್ತೆ, ಸುಮಾರು ಆರು ತಿಂಗಳು. ಜವಾನರಿಗೆ ಖರ್ಚಿಲ್ಲ. ಜೊತೆಯವರು ಸೆಕ್ಯುರಿಟಿ ಕೋರ್ಸ್ ತಗೊಂಡರು. ನಾನು ಕಂಪ್ಯೂಟರ್ ತಗೊಂಡೆ. ಪರೀಕ್ಷೆ ಇರುವುದೇ ಪರದೆ ಮೇಲೆ ಅಲ್ವಾ.

ಮೊದಲ ಸಲ ಪ್ರಿಲಿಮ್ಸ್ ದಾಟಿ ಮೇನ್ಸ್‌ನಲ್ಲಿ ಬಿದ್ದೆ. ಪ್ರಿಲಿಮ್ಸ್‌ನಲ್ಲಿ ಗಣಿತದ 35 ಪ್ರಶ್ನೆಗೆ ಇಪ್ಪತ್ತೇ ನಿಮಿಷ, ತಪ್ಪಿಗೆ ಕಾಲು ಅಂಕ ಹೋಗುತ್ತೆ. ಮಾಜಿ ಸೈನಿಕರ ಕಟ್‌ಆಫ್ ಸಾಮಾನ್ಯ ವರ್ಗಕ್ಕಿಂತ ಬಹಳ ಕೆಳಗಿರುತ್ತೆ. ಹಾಗಾಗಿ ನಾನು ಮಾಡಿದ್ದು ಎಲ್ಲವನ್ನೂ ಮುಟ್ಟುವುದಲ್ಲ. ಹದಿನೆಂಟು ಇಪ್ಪತ್ತು ಪ್ರಶ್ನೆ ಆರಿಸಿಕೊಂಡು ಅವನ್ನು ತಪ್ಪಿಲ್ಲದೆ ಮಾಡುವುದು. ಯಾವ ಹದಿನೆಂಟು ಅಂತ ಹೇಗೆ ಆರಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಭಾನುವಾರ ನನ್ನ ಹತ್ತಿರ ಬರುವ ಹುಡುಗರಿಗೆ ಮಾತ್ರ ಹೇಳುತ್ತೇನೆ. 2021ರಿಂದ ಕ್ಲರ್ಕ್ ಪರೀಕ್ಷೆ ಕನ್ನಡದಲ್ಲೂ ಬರೆಯಬಹುದು, ಅದು ನನಗೆ ದೊಡ್ಡ ಅನುಕೂಲ ಆಯಿತು.

ಬಿಡುಗಡೆಗೂ ಎರಡನೇ ಪರೀಕ್ಷೆಯ ಫಲಿತಾಂಶಕ್ಕೂ ನಡುವೆ ಸುಮಾರು ಒಂದು ವರ್ಷ. ಆ ವರ್ಷದ ದುಡ್ಡಿನ ಕಥೆ ಹೇಳಲೇಬೇಕು. ಮೂಲ ಪಿಂಚಣಿ ಇಪ್ಪತ್ತು ಸಾವಿರದ ಹತ್ತಿರ. ಅರ್ಧ ಕಮ್ಯುಟ್ ಮಾಡಿದೆ, ಅಂದರೆ ಆ ಭಾಗದ ಹಣವನ್ನು ಮೊದಲೇ ಒಟ್ಟಿಗೆ ತಗೊಂಡೆ, ಹತ್ತು ಲಕ್ಷ ಚಿಲ್ಲರೆ ಬಂತು. ಡಿಎ ಪೂರ್ತಿ ಪಿಂಚಣಿ ಮೇಲೇ ಸಿಗುತ್ತೆ, ಕಮ್ಯುಟ್ ಆಗಿ ಉಳಿದದ್ದರ ಮೇಲಲ್ಲ. ಆದ್ದರಿಂದ ತಿಂಗಳಿಗೆ ಕೈಗೆ ಹದಿನಾರು ಹದಿನೇಳು ಸಾವಿರ ಬರುತ್ತಿತ್ತು. ಕಮ್ಯುಟ್ ಆದ ಭಾಗ ಹದಿನೈದು ವರ್ಷದ ಮೇಲೆ ವಾಪಸ್ ಸೇರುತ್ತೆ. ಗ್ರಾಚುಟಿ, ರಜೆ ಹಣ, ಗ್ರೂಪ್ ಇನ್ಶುರೆನ್ಸ್ ಬೇರೆ.

ಹಣ ಬಂದ ಸುದ್ದಿ ತಿಳಿದ ವಾರವೇ ಸೈಟ್ ತೋರಿಸುವವರು ಮನೆಗೆ ಬಂದರು. ಅವರಿಗೆ ಕೊಡಲಿಲ್ಲ. ಅಪ್ಪನ ಎರಡು ಎಕರೆಯಲ್ಲಿ ಬೋರ್‌ವೆಲ್ ಹಾಕಿಸಿ ಅಡಿಕೆ ಇಡೋಣ ಅಂತ ನೋಡಿದೆ. ಎಂಟು ನೂರು ಅಡಿ ಹೋದರೂ ಬರೀ ಧೂಳು. ಕೇಸಿಂಗ್ ಸೇರಿ ಒಂದೂವರೆ ಲಕ್ಷದ ಆಸುಪಾಸು ಅಲ್ಲೇ ಹೋಯಿತು. ಎರಡನೇ ಪಾಯಿಂಟ್ ಹಾಕಿಸಿ ಅಂದರು, ನಿಲ್ಲಿಸಿದೆ. ಆಮೇಲೆ ಒಂದು ಕಾರ್ಖಾನೆಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿ ಕೆಲವು ತಿಂಗಳು ಇದ್ದೆ. ಹನ್ನೆರಡು ಗಂಟೆ ಡ್ಯೂಟಿ, ಹದಿನೆಂಟು ಸಾವಿರ. ಓದಲು ಸಮಯವೇ ಸಿಗುತ್ತಿರಲಿಲ್ಲ, ಬಿಟ್ಟೆ. ಮನೆಯವಳು ಆಗ ಒಂದು ಮಾತೂ ಎತ್ತಲಿಲ್ಲ, ಅದು ದೊಡ್ಡದು.

ಬ್ಯಾಂಕಿಗೆ ಸೇರುವ ದಿನ ಒಂದು ಕಾಗದ ಕೊಟ್ಟೆ. ಕೋಟಾದಲ್ಲಿ ಒಮ್ಮೆ ಕೆಲಸಕ್ಕೆ ಸೇರಿದರೆ ಮುಂದಿನ ಹುದ್ದೆಗೆ ಆ ಮೀಸಲಾತಿ ಸಿಗಲ್ಲ. ಆದರೆ ಸೇರುವ ಮೊದಲು ಬೇರೆ ಎಲ್ಲೆಲ್ಲಿ ಅರ್ಜಿ ಹಾಕಿದ್ದಿರಿ ಅಂತ ಸೇರಿದ ತಕ್ಷಣ ದಿನಾಂಕ ಸಮೇತ ಬರೆದುಕೊಟ್ಟರೆ, ಆ ಅರ್ಜಿಗಳಿಗೆ ಮೀಸಲಾತಿ ಉಳಿಯುತ್ತೆ. ಕೇಂದ್ರದ ಸಿಬ್ಬಂದಿ ಇಲಾಖೆಯ 2014ರ ಆದೇಶ ಇದೆ. ಸೇರಿದ ಮೇಲೆ ಹಾಕಿದ ಅರ್ಜಿಗಳಿಗೆ ಅದು ಕೆಲಸಕ್ಕೆ ಬರಲ್ಲ. ಪ್ರತಿ ಅರ್ಜಿಯ ಪ್ರಿಂಟ್ ಇಟ್ಟುಕೊಂಡಿದ್ದು ಆ ದಿನ ಉಪಯೋಗಕ್ಕೆ ಬಂತು.

ಈಗ ಅಗ್ನಿವೀರರಾಗಿ ಹೋಗುವ ಹುಡುಗರಿಗೆ ನನ್ನ ಈ ಲೆಕ್ಕ ಹಾಗೇ ಹೊಂದಲ್ಲ. ನಾಲ್ಕು ವರ್ಷಕ್ಕೆ ಹೊರಬಂದವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕ ಅನ್ನುವ ಸ್ಥಾನವೂ ಇಲ್ಲ. ಬಡ್ಡಿ ಸೇರಿ 11.71 ಲಕ್ಷದ ಸೇವಾ ನಿಧಿ ಇದೆ. ಕಾಲು ಭಾಗದವರೆಗೆ ಮಾತ್ರ ಮುಂದುವರಿಸುತ್ತಾರೆ. ಆದ್ದರಿಂದ ಪಿಯುಸಿ ಮುಗಿಸಿಯೇ ಹೋಗಿ ಅಂತ ಹೇಳುತ್ತೇನೆ, ಸೇರಿದ ಮೊದಲ ವರ್ಷವೇ ಇಗ್ನೋ ಡಿಗ್ರಿ ಹಿಡಿಯಿರಿ. ಅಗ್ನಿವೀರರ ಸೇವಾ ತರಬೇತಿಗೇ ಅರ್ಧ ಕ್ರೆಡಿಟ್ ಕೊಡುವ ಡಿಗ್ರಿ ಅಲ್ಲಿದೆ. ಇಪ್ಪತ್ತೆರಡಕ್ಕೆ ಹೊರಬಂದರೆ ಸಾಮಾನ್ಯ ಅಭ್ಯರ್ಥಿಯಾಗಿಯೇ ಪರೀಕ್ಷೆ ಬರೆಯಲು ವಯಸ್ಸಿರುತ್ತೆ.

ಸೇವೆಯಲ್ಲಿ ಇರುವವರಿಗೆ ಇನ್ನೊಂದು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್‌ಕಾರ್ಡ್, ಆಧಾರ್, ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶದ ಪಿಪಿಒ ಮೂರ್ನಾಲ್ಕರಲ್ಲೂ ನಿಮ್ಮ ಹೆಸರು, ಹೆಂಡತಿ ಹೆಸರು, ಹುಟ್ಟಿದ ದಿನ ಒಂದೇ ಥರ ಇದೆಯಾ ನೋಡಿ. ನಮ್ಮ ಕಡೆ ಅಪ್ಪನ ಹೆಸರಿನ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುತ್ತೆ. ಯೂನಿಟ್‌ನಲ್ಲಿ ಇರುವಾಗ ಸೇವಾ ದಾಖಲೆ ತಿದ್ದುವ ಪಾರ್ಟ್ ಟು ಆರ್ಡರ್ ಮಾಡಿಸಿದರೆ ಅದು ಸರಿಹೋಗುತ್ತೆ. ಊರಿಗೆ ಬಂದ ಮೇಲೆ ಅದೇ ಒಂದು ಅಕ್ಷರಕ್ಕೆ ರೆಕಾರ್ಡ್ಸ್ ಆಫೀಸಿಗೆ ಅಫಿಡವಿಟ್ ಕಳಿಸುತ್ತಾ ಕೂರಬೇಕು.