1994ರ ಮದುವೆ ಕ್ಯಾಸೆಟ್‌ನಿಂದ ಅಜ್ಜಿಯ ಮುಖ ತೆಗೆದದ್ದು: ನನ್ನ ಅನುಭವ

ಸಾಗರದ ಕಡೆಯ ಒಂದು ಮನೆಯವರು ಮದುವೆ ಸಿಡಿ ತಂದುಕೊಟ್ಟಿದ್ದರು. 1994ರ ಮದುವೆ. ತೀರಿಹೋದ ಅಜ್ಜಿ ಓಡಾಡುವುದು ಕಾಣುವುದು ಅದರಲ್ಲಿ ಮಾತ್ರ. ದೊಡ್ಡ ಟಿವಿಯಲ್ಲಿ ಮುಖ ಸ್ಪಷ್ಟವಾಗಿ ಕಾಣಬೇಕು ಅಂದರು.

ಮೊದಲ ಸಲ ನಾನು ಸೋತೆ. ಸಿಡಿಯ ಫೈಲನ್ನೇ ಎಐ ಸಾಫ್ಟ್‌ವೇರಿಗೆ ಹಾಕಿ ನಾಲ್ಕು ಪಟ್ಟು ದೊಡ್ಡದು ಮಾಡಿದೆ. ರೆಪ್ಪೆಕೂದಲು ಸಹಿತ ಎಲ್ಲ ಬಂತು. ಅಜ್ಜಿಯ ಮಗಳು ನೋಡಿ, "ಇದು ನಮ್ಮಮ್ಮ ಅಲ್ಲ ಕಣಪ್ಪ" ಅಂದರು. ಸುಮಾರು ನಾಲ್ಕು ಸಾವಿರ ವಾಪಸ್ ಕೊಟ್ಟೆ.

ಆಮೇಲೆ ಆ ಚಿತ್ರವನ್ನು ಕೂತು ನೋಡಿದೆ. ಹಿಂದಿನ ಸಾಲಲ್ಲಿದ್ದ ಅಜ್ಜಿಯ ಮುಖ ಹದಿನಾಲ್ಕು ಪಿಕ್ಸೆಲ್ ಅಗಲ ಅಷ್ಟೇ. ಕಣ್ಣು ಅಂದರೆ ಎರಡು ಕಪ್ಪು ಚುಕ್ಕೆ. ಉಳಿದದ್ದನ್ನೆಲ್ಲ ಸಾಫ್ಟ್‌ವೇರ್ ಬೇರೆ ಮುಖಗಳಿಂದ ಊಹಿಸಿತ್ತು. ಖಾತ್ರಿಗೆ ಒಂದು ಪರೀಕ್ಷೆ ಮಾಡಿದೆ. ಅದೇ ಸಿಡಿಯಲ್ಲಿ ವಧುವಿನ ಕ್ಲೋಸಪ್ ಇತ್ತು. ಅದನ್ನು ಹದಿನಾಲ್ಕು ಪಿಕ್ಸೆಲ್‌ಗೆ ಕುಗ್ಗಿಸಿ ಅದೇ ಸಾಫ್ಟ್‌ವೇರಿಗೆ ಕೊಟ್ಟೆ. ಬಂದದ್ದು ಯಾರೋ ಬೇರೆ ಹುಡುಗಿ. ಈಗ ಪ್ರತಿ ಕೆಲಸಕ್ಕೂ ಮೊದಲು ಈ ಪರೀಕ್ಷೆ ಮಾಡುತ್ತೇನೆ, ಗಿರಾಕಿಗೂ ತೋರಿಸುತ್ತೇನೆ.

ಮೂಲ ಕ್ಯಾಸೆಟ್ ಇದೆಯಾ ಅಂತ ಕೇಳಿದೆ. ಅಟ್ಟದ ಮೇಲಿತ್ತು, ಮಲೆನಾಡಿನ ಥಂಡಿಗೆ ಬಿಳಿ ಬೂಷ್ಟು ಹಿಡಿದಿತ್ತು. "ಹಳೇ ಟೇಪಲ್ಲಿ ಏನಿರುತ್ತೆ, ಸಿಡಿಯಲ್ಲಿ ಇರೋದೇ ತಾನೆ?" ಅಂತ ಗೆಳೆಯರು ಹೇಳಿದರು. ಆದರೆ ಆ ಸಿಡಿ 352×288 ಮಾತ್ರ. ಅದನ್ನು ಮಾಡುವಾಗ ಪ್ರತಿ ಫ್ರೇಮಿನ ಎರಡು ಫೀಲ್ಡ್‌ಗಳಲ್ಲಿ ಒಂದನ್ನು ಎಸೆದಿದ್ದರು. ಫೀಲ್ಡ್ ಅಂದರೆ ಒಂದು ಬಿಟ್ಟು ಒಂದು ಸಾಲಿನ ಅರ್ಧ ಚಿತ್ರ. ಟೇಪಲ್ಲಿ ಎರಡೂ ಇರುತ್ತವೆ.

ಟೇಪ್ ಒರೆಸಿ ಹದಕ್ಕೆ ತಂದದ್ದು ಹೇಗೆ ಅನ್ನುವುದು ನನ್ನಲ್ಲೇ ಇರಲಿ. ಅಲುಗುವ ಸಾಲುಗಳನ್ನು ನೆಟ್ಟಗೆ ಮಾಡುವ ಟಿಬಿಸಿ ಇರುವ ಎಸ್-ವಿಎಚ್‌ಎಸ್ ಪ್ಲೇಯರ್ ಸೆಕೆಂಡ್ ಹ್ಯಾಂಡಲ್ಲಿ ತಂದೆ, ರಿಪೇರಿ ಸೇರಿ ಇಪ್ಪತ್ತೆರಡು ಸಾವಿರದ ಹತ್ತಿರ ಆಯಿತು. ಪ್ಲೇಯರಿನದೇ ಶಾರ್ಪ್ ಸೆಟ್ಟಿಂಗ್ ಆಫ್ ಮಾಡಿ. ಅದು ಅಂಚಿಗೆ ಬಿಳಿ ಗೆರೆ ಎಳೆಯುತ್ತದೆ. ದೊಡ್ಡದು ಮಾಡಿದರೆ ಆ ಗೆರೆಯೂ ದಪ್ಪ ಆಗುತ್ತದೆ, ಆಮೇಲೆ ತೆಗೆಯಲು ಆಗುವುದಿಲ್ಲ. ಹಫ್‌ವೈಯುವಿಯಲ್ಲಿ ಚಿತ್ರ ಕೆಡದ ಹಾಗೆ ಕ್ಯಾಪ್ಚರ್ ಮಾಡಿದರೆ ಗಂಟೆಗೆ ಮೂವತ್ತೈದು ಜಿಬಿ ಆಸುಪಾಸು. ಆ ಫೈಲಿಗೆ AviSynthನಲ್ಲಿ ಈ ಸ್ಕ್ರಿಪ್ಟ್ ಓಡಿಸಿದೆ:

```
AviSource("maduve.avi")
ConvertToYV12(interlaced=true)
AssumeTFF()
QTGMC(Preset="Slow")
nnedi3_rpow2(2, cshift="Spline36Resize", fwidth=1440, fheight=1080)
LSFmod(strength=40)
```

AssumeTFF ಸಾಲಿನಲ್ಲಿ ಹೇಳುವ ಫೀಲ್ಡ್ ಕ್ರಮ ತಪ್ಪಿದರೆ ನಡೆಯುವವರು ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹೋದ ಹಾಗೆ ಕಾಣುತ್ತದೆ. ನನ್ನದು ಮೊದಲ ರಾತ್ರಿ ಹಾಗೇ ಆಯಿತು, ಒಂಬತ್ತು ಗಂಟೆಯ ರೆಂಡರ್ ದಂಡ. ಈಗ ಹತ್ತು ಸೆಕೆಂಡ್ ತೆಗೆದು ನೋಡಿಯೇ ಮುಂದೆ ಹೋಗುತ್ತೇನೆ. ಸೆಕೆಂಡಿಗೆ 25ಕ್ಕೆ ಇಳಿಸಬೇಡಿ, 50 ಫ್ರೇಮನ್ನೇ ಉಳಿಸಿ. ಚಲನೆ ನಯವಾಗಿದ್ದರೆ ಕಣ್ಣಿಗೆ ಚಿತ್ರವೇ ಚೆನ್ನಾಗಿ ಕಾಣುತ್ತದೆ.

ಶಾರ್ಪನಿಂಗ್ 40ರ ಮೇಲೆ ನಾನು ಹೋಗುವುದಿಲ್ಲ. ಅದು ಇರುವ ಅಂಚನ್ನು ಎದ್ದು ಕಾಣಿಸುತ್ತದೆ, ಇಲ್ಲದ್ದನ್ನು ತರುವುದಿಲ್ಲ. ಸೀರೆಯ ಜರಿ ಅಂಚು ಎದ್ದು ಬಂತು, ಏಕೆಂದರೆ ಅದು ಟೇಪಲ್ಲಿ ಮಸುಕಾಗಿಯಾದರೂ ಇತ್ತು. ಜರಿಯೊಳಗಿನ ಹೂವು ಬರಲಿಲ್ಲ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಸಿಗುವುದೇ ಸುಮಾರು 240 ಗೆರೆ, ಬಣ್ಣಕ್ಕಂತೂ 40ರ ಆಸುಪಾಸು. ಕುಂಕುಮದ ಕೆಂಪು ಹಣೆಯಿಂದ ಆಚೆ ಹರಿದಿದ್ದರೆ ಯಾವ ಶಾರ್ಪನಿಂಗೂ ಅದನ್ನು ಒಳಗೆ ತರುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಮಂಟಪದ ಹಿಂದೆ ಥರ್ಮಾಕೋಲ್ ಅಕ್ಷರ ಇತ್ತು, ಓದಲು ಬರುತ್ತಿರಲಿಲ್ಲ. ಮೂವತ್ತು ಫ್ರೇಮ್ ಹೊಂದಿಸಿ ಸರಾಸರಿ ತೆಗೆದೆ. ಟ್ರೈಪಾಡ್ ಶಾಟಲ್ಲಿ ಬರೀ ಕಾಳುಕಾಳು ಹೋಯಿತು. ಕೈಯಲ್ಲಿ ಹಿಡಿದ ಶಾಟಲ್ಲಿ ಕ್ಯಾಮೆರಾ ಚೂರು ಅಲುಗಾಡಿತ್ತು. ಅಲ್ಲಿ ಅಕ್ಷರದ ತಲೆಕಟ್ಟು ಬಿಡಿಸಿಕೊಂಡು ಬಂತು! ಮೇಲೆ ಕೆಳಗೆ ಅಲುಗಿದಾಗ ಸಾಲುಗಳ ನಡುವಿನ ಜಾಗವೂ ಯಾವುದೋ ಫ್ರೇಮಲ್ಲಿ ದಾಖಲಾಗಿರುತ್ತದೆ. ಎಡಬಲಕ್ಕೆ ಆ ಲಾಭ ಇಲ್ಲ, ಅಲ್ಲಿನ ಸೂಕ್ಷ್ಮವನ್ನು ಟೇಪ್ ಬರೆದುಕೊಂಡೇ ಇಲ್ಲ. ಇದು ಊಹೆಯಲ್ಲ, ನಿಜವಾಗಿ ಸಿಕ್ಕಿದ್ದು. ಯಾವ ಫ್ರೇಮ್ ಆರಿಸಬೇಕು ಅನ್ನುವುದರಲ್ಲಿ ಕಸುಬಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಹದಿನಾಲ್ಕು ಪಿಕ್ಸೆಲ್‌ನ ಮುಖ ಟೇಪಿಂದಲೂ ಸರಿಯಾಗಲಿಲ್ಲ. ಆದರೆ ಮೂರು ಗಂಟೆಯ ಟೇಪನ್ನು ಪೂರ್ತಿ ನೋಡಿದೆ. ಸಿಡಿ ಮಾಡುವಾಗ ಕತ್ತರಿಸಿ ಬಿಟ್ಟಿದ್ದ ಒಂದು ಭಾಗದಲ್ಲಿ ಅಕ್ಷತೆ ಹಾಕಲು ಅಜ್ಜಿ ಕ್ಯಾಮೆರಾ ಹತ್ತಿರಕ್ಕೇ ಬರುತ್ತಾರೆ. ಮುಖ ಎಪ್ಪತ್ತು ಪಿಕ್ಸೆಲ್ ಇರಬಹುದು, ಆರೇಳು ಸೆಕೆಂಡ್. ಅಷ್ಟನ್ನು ಮೇಲಿನ ಕ್ರಮದಲ್ಲೇ ಮಾಡಿ, ಸ್ವಲ್ಪ ಗ್ರೇನ್ ಸೇರಿಸಿ ಕೊಟ್ಟೆ. ಚರ್ಮದ ಸುಕ್ಕು ಅಷ್ಟಾಗಿ ಕಾಣುವುದಿಲ್ಲ, ಕಣ್ಣು ಇನ್ನೂ ಸ್ವಲ್ಪ ಮೃದು. ಮಗಳು ಟಿವಿ ಹತ್ತಿರ ಹೋಗಿ ನಿಂತು, "ಮೂಗುಬೊಟ್ಟು ನೋಡು, ಎಡಗಡೆ" ಅಂದರು. ಏಳು ಸಾವಿರ ಕೊಟ್ಟರು, ಅವರ ತಂಗಿಯ ಮದುವೆ ಕ್ಯಾಸೆಟ್ಟೂ ಈಗ ನನ್ನ ಮೇಜಿನ ಮೇಲಿದೆ.